ಮೊದಲ ಐದು ಹೆಜ್ಜೆ ಮತ್ತು 60ನೇ ನಿಮಿಷ: ವಿಂಗರ್ ಒಬ್ಬನ ಪ್ರಶ್ನೆಗೆ ಉತ್ತರ

ಪ್ರಶ್ನೆ: "ಸರ್, ನಾನು ಶಹಾಬಾದಿನವನು. 19 ವರ್ಷ. ಕಲಬುರಗಿಯಲ್ಲಿ ಡಿಗ್ರಿ ಓದ್ತಿದ್ದೀನಿ, ಕಾಲೇಜು ಫುಟ್‌ಬಾಲ್ ಟೀಮಿನಲ್ಲಿ ಬಲಗಡೆ ವಿಂಗರ್. 40 ಮೀಟರ್ ಓಟ ಇಟ್ಟರೆ ಟೀಮಿನಲ್ಲಿ ನಾನೇ ಫಸ್ಟ್. ಆದರೆ ಮ್ಯಾಚಿನಲ್ಲಿ ಮೊದಲ ನಾಲ್ಕೈದು ಹೆಜ್ಜೆಯಲ್ಲೇ ಫುಲ್‌ಬ್ಯಾಕ್ ನನ್ನ ಮುಂದೆ ಬಂದುಬಿಡ್ತಾನೆ. 60 ನಿಮಿಷ ಆದಮೇಲೆ ಕಾಲೇ ಏಳಲ್ಲ. ದಿನಾ ಬೆಳಿಗ್ಗೆ 6 ಕಿ.ಮೀ. ಜಾಗಿಂಗ್, ಆಮೇಲೆ ಅಂಗಳದ ಪರಸಿ ಕಲ್ಲಿನ ಮೇಲೆ ಏಣಿಯ ಹಾಗೆ ಗೆರೆ ಎಳೆದು ಅರ್ಧ ಗಂಟೆ ಲ್ಯಾಡರ್ ಮಾಡ್ತೀನಿ. ಕೋಚ್ ಸರ್ 'ಸ್ಟ್ಯಾಮಿನಾ ಇಲ್ಲ, 10 ಕಿ.ಮೀ. ಓಡು' ಅಂತಾರೆ. ಹೋದ ವರ್ಷ ಎಡಗಾಲಿನ ಹ್ಯಾಮ್‌ಸ್ಟ್ರಿಂಗ್ ಹಿಡಿದಿತ್ತು. ಏಪ್ರಿಲ್‌ನಲ್ಲಿ ಟೂರ್ನಮೆಂಟ್, ಇನ್ನು 6 ವಾರ ಇದೆ. ಏನು ಮಾಡಲಿ?"

ಉತ್ತರ: ತಮ್ಮಾ, ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಒಂದು, ನಿಂತಲ್ಲಿಂದ ವೇಗ ಹಿಡಿಯುವುದು. ಇನ್ನೊಂದು, ಹಿಡಿದ ವೇಗವನ್ನು ಮತ್ತೆ ಮತ್ತೆ ಹಿಡಿಯುವುದು. ನೀನು ದಿನಾ ಮಾಡುವ ಅಭ್ಯಾಸ ಎರಡಕ್ಕೂ ಸರಿಯಾಗಿ ತಾಗುತ್ತಿಲ್ಲ. ದಣಿದ ಕಾಲಿನಲ್ಲಿ ವೇಗ ಕಲಿಯಲು ಹೊರಟಿದ್ದೀಯ. ಹಾಗಾಗಿ ವೇಗವೂ ಬರುತ್ತಿಲ್ಲ, ದಮ್ಮೂ ಬೇಕಾದಷ್ಟು ಬೆಳೆಯುತ್ತಿಲ್ಲ.

ಮೊದಲು ಜಾಗಿಂಗ್ ವಿಷಯ ನೋಡೋಣ. 6 ಕಿ.ಮೀ. ಓಡಿದ್ದು ವ್ಯರ್ಥ ಅಂತ ನಾನು ಹೇಳುವುದಿಲ್ಲ. ಉಸಿರಿನ ತಳಪಾಯ ಅದರಿಂದಲೇ ಬಂದಿರುತ್ತದೆ. ಆದರೆ ವಿಂಗರ್‌ನ ಸ್ಪ್ರಿಂಟ್ ಸಾಮಾನ್ಯವಾಗಿ 2ರಿಂದ 4 ಸೆಕೆಂಡಿನದು, 10ರಿಂದ 30 ಮೀಟರ್. ನಿಧಾನವಾಗಿ 35 ನಿಮಿಷ ಓಡುವಾಗ ಕಾಲು ಒಮ್ಮೆಯೂ ನೆಲವನ್ನು ಪೂರ್ತಿ ಬಲದಿಂದ ಒದೆಯುವುದಿಲ್ಲ. ಒದೆಯದ ಕಾಲಿಗೆ ಒದೆಯುವುದು ಹೇಗೆ ಬಂದೀತು? 6 ಅನ್ನು 10 ಮಾಡಿದರೂ ಕಥೆ ಅದೇ. ಮೇಲಿಂದ ಸಂಜೆ ಟೀಮ್ ಪ್ರಾಕ್ಟೀಸಿಗೆ ಬರುವಾಗ ಕಾಲು ಇನ್ನೂ ಭಾರ ಆಗಿರುತ್ತದೆ.

ಲ್ಯಾಡರ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಲ್ಯಾಡರ್‌ನಲ್ಲಿ ಪಾದ ಟಪಟಪ ಆಡುತ್ತದೆ, ನೋಡುವವರಿಗೆ ಚುರುಕು ಅನಿಸುತ್ತದೆ. ಆದರೆ ಅಲ್ಲಿ ಹೆಜ್ಜೆ ಬಹಳ ಚಿಕ್ಕದು, ಸೊಂಟ ಮುಂದಕ್ಕೆ ಹೋಗುವುದೇ ಇಲ್ಲ, ಕಣ್ಣು ನೆಲ ನೋಡುತ್ತಿರುತ್ತದೆ. ಫುಲ್‌ಬ್ಯಾಕ್‌ನನ್ನು ದಾಟುವಾಗ ಇದಕ್ಕೆ ಪೂರ್ತಿ ಉಲ್ಟಾ ಬೇಕು: ಉದ್ದ ಒದೆತ, ಮುಂದಕ್ಕೆ ಸಾಗುವ ಸೊಂಟ, ಎದುರಾಳಿಯ ಮೇಲೆ ಕಣ್ಣು. ವಾರ್ಮಪ್‌ನಲ್ಲಿ 3 ನಿಮಿಷ ಮಾಡು, ಸಾಕು. ಪರಸಿ ಕಲ್ಲಿನ ಮೇಲಂತೂ ಬೇಡ. ಅರ್ಧ ಗಂಟೆ ಗಟ್ಟಿ ಕಲ್ಲಿನ ಮೇಲೆ ಕುಣಿದರೆ ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ ನೋಯಲು ಶುರುವಾಗುತ್ತದೆ.

ಈಗ ಮೊದಲ ಐದು ಹೆಜ್ಜೆಗೆ ಬರೋಣ. ನಿನ್ನ ಪತ್ರದಲ್ಲಿ ನನಗೆ ಅತಿ ಉಪಯೋಗಕ್ಕೆ ಬಂದ ಸಾಲು, 40 ಮೀಟರ್‌ನಲ್ಲಿ ನೀನೇ ಫಸ್ಟ್ ಅನ್ನುವುದು. ಅಂದರೆ ಓಟದ ವೇಗ ನಿನ್ನಲ್ಲಿ ಇದೆ. ಅದು ತಡವಾಗಿ ಬರುತ್ತಿದೆ, ಅಷ್ಟೇ. ಉದ್ದ ಕಾಲಿನ, ನೆಟ್ಟಗೆ ಓಡುವ ಹುಡುಗರಲ್ಲಿ ಇದನ್ನು ನಾನು ಬಹಳ ನೋಡಿದ್ದೇನೆ.

ಪೂರ್ತಿ ವೇಗದಲ್ಲಿ ಓಡುವಾಗ ದೇಹ ನೆಟ್ಟಗಿರುತ್ತದೆ. ಪಾದ ನೆಲದಲ್ಲಿ ಇರುವುದು ಸುಮಾರು 0.1 ಸೆಕೆಂಡ್ ಮಾತ್ರ. ಅಲ್ಲಿ ನೆಲವನ್ನು ಕೆಳಕ್ಕೆ ಬಡಿದು ಪುಟಿಯಬೇಕು. ಮೊದಲ ಹೆಜ್ಜೆಗಳಲ್ಲಿ ಹಾಗಲ್ಲ. ಅಲ್ಲಿ ಪಾದ ನೆಲದಲ್ಲಿ ಹೆಚ್ಚು ಕಡಿಮೆ ಅದರ ಎರಡರಷ್ಟು ಹೊತ್ತು ಇರುತ್ತದೆ, ಆ ಹೊತ್ತಿನಲ್ಲಿ ನೆಲವನ್ನು ಹಿಂದಕ್ಕೆ ತಳ್ಳಬೇಕು. ಕೆಸರಲ್ಲಿ ಸಿಕ್ಕ ಬೈಕನ್ನು ಹಿಂದಿನಿಂದ ತಳ್ಳುವಾಗ ಮೈ ಹೇಗೆ ಓರೆಯಾಗುತ್ತದೆ, ನೆನಪು ಮಾಡಿಕೋ. ಆಗ ಯಾರೂ ಪಾದವನ್ನು ಮುಂದೆ ಚಾಚಿ ಇಡುವುದಿಲ್ಲ, ಸೊಂಟದ ಹಿಂದೆಯೇ ಊರಿ ತಳ್ಳುತ್ತಾರೆ. ಸ್ಪ್ರಿಂಟಿನ ಮೊದಲ ಹೆಜ್ಜೆಗೂ ಬೇಕಾದ ಭಂಗಿ ಅದೇ.

ಬೇಗ ಓಡಬೇಕು ಅಂತ ಪಾದವನ್ನು ದೂರ ಚಾಚಿ ಇಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಪಾದ ಸೊಂಟಕ್ಕಿಂತ ಮುಂದೆ ಬಿದ್ದ ಕ್ಷಣ ಅದು ಬ್ರೇಕ್ ಆಗುತ್ತದೆ. ಎರಡನೇ ತಪ್ಪು, ಎರಡನೇ ಹೆಜ್ಜೆಗೇ ಗದ್ದ ಎತ್ತಿ ನೆಟ್ಟಗೆ ನಿಂತುಬಿಡುವುದು. ಮೂರನೆಯದು, ಓರೆಯಾಗು ಅಂದರೆ ಸೊಂಟದಲ್ಲಿ ಮಡಚಿ ಬಾಗುವುದು. ಓರೆ ಹಿಮ್ಮಡಿಯಿಂದ ತಲೆವರೆಗೆ ಒಂದೇ ಗೆರೆಯಲ್ಲಿ ಇರಬೇಕು, ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ. ನಡುವೆ ಮಡಚಿದರೆ ಒದೆತದ ಬಲ ಅಲ್ಲೇ ಸೋರಿಹೋಗುತ್ತದೆ.

ತಪ್ಪು ಅಲ್ಲದ್ದನ್ನೂ ಇಲ್ಲಿ ಹೇಳಿಬಿಡುತ್ತೇನೆ. ನಿಂತಲ್ಲಿಂದ ಹೊರಡುವಾಗ ಒಂದು ಪಾದ ತಾನಾಗಿ ಸ್ವಲ್ಪ ಹಿಂದೆ ಹೋಗಿ ಊರುತ್ತದೆ. ಅದನ್ನು ನೋಡಿ "ಹಿಂದೆ ಹೆಜ್ಜೆ ಇಡಬೇಡ, ಟೈಮ್ ವೇಸ್ಟ್" ಎಂದು ಕೂಗುವವರಿದ್ದಾರೆ. ಎರಡೂ ಪಾದ ಸಮ ಇಟ್ಟು ನಿಂತವನಿಗೆ ಆ ಸಣ್ಣ ಹಿಂಹೆಜ್ಜೆಯೇ ತಳ್ಳುವ ಓರೆಯನ್ನು ಕೊಡುತ್ತದೆ. ಅದನ್ನು ತಡೆದರೆ ಹೆಚ್ಚಿನವರು ನಿಧಾನವೇ ಆಗುತ್ತಾರೆ. ಅದನ್ನು ತಿದ್ದಲು ಹೋಗಬೇಡ.

ನಿನ್ನ ತಪ್ಪು ಯಾವುದು ಅಂತ ನೋಡಲು ಫೋನ್ ಸಾಕು. ಗೆಳೆಯನೊಬ್ಬ 3 ಮೀಟರ್ ಗುರುತಿನ ನೇರಕ್ಕೆ, ಓಡುವ ಗೆರೆಯಿಂದ ಏಳೆಂಟು ಮೀಟರ್ ಪಕ್ಕದಲ್ಲಿ, ಸೊಂಟದ ಎತ್ತರದಲ್ಲಿ ಫೋನ್ ಹಿಡಿದು ಸ್ಲೋ ಮೋಷನ್‌ನಲ್ಲಿ ತೆಗೆಯಲಿ. ಜರ್ಸಿಯನ್ನು ಚಡ್ಡಿಯೊಳಗೆ ಸೇರಿಸು, ಸೊಂಟ ಕಾಣಬೇಕು. ಆಮೇಲೆ ಎರಡು ಕ್ಷಣಗಳಲ್ಲಿ ವಿಡಿಯೊ ನಿಲ್ಲಿಸಿ ನೋಡು. ಮೊದಲನೇ, ಎರಡನೇ, ಮೂರನೇ ಹೆಜ್ಜೆಯ ಪಾದ ನೆಲ ಮುಟ್ಟಿದಾಗ ಅದು ಸೊಂಟದ ಕೆಳಗೆ ಅಥವಾ ಸ್ವಲ್ಪ ಹಿಂದೆ ಇದೆಯೇ? ಮೊಣಕಾಲಿನಿಂದ ಕೆಳಗಿನ ಕಾಲು ಮುಂದಕ್ಕೆ ವಾಲಿದೆಯೇ? ಹಾಗೇ, ಹಿಂದಿನ ಪಾದ ನೆಲ ಬಿಡುವಾಗ ಆ ಕಾಲು ಚಾಚಿಕೊಂಡು ಬೆನ್ನಿನ ಜೊತೆ ಒಂದೇ ಗೆರೆಯಲ್ಲಿ ಇದೆಯೇ? ಈ ಮೂರು ಪ್ರಶ್ನೆಗೂ ಹೌದು ಅನ್ನುವ ಉತ್ತರ ಬಂದರೆ ತಂತ್ರ ಸರಿ ಇದೆ, ಕೊರತೆ ಕಾಲಿನ ಬಲದಲ್ಲಿದೆ. ಇಲ್ಲ ಅಂದರೆ ಮೊದಲು ತಂತ್ರ ತಿದ್ದಬೇಕು.

ತಿದ್ದಲು ಬಾಯಿಮಾತಿಗಿಂತ ಏರು ದಾರಿ ಚೆನ್ನಾಗಿ ಕಲಿಸುತ್ತದೆ. ಏರು ಹತ್ತುವಾಗ ದೇಹ ತಾನಾಗಿ ಓರೆಯಾಗುತ್ತದೆ, ಪಾದ ಮುಂದೆ ಚಾಚಲು ಜಾಗವೇ ಇರುವುದಿಲ್ಲ. ಯಾದಗಿರಿ, ಬೀದರ್ ಹುಡುಗರಿಗೆ ಕೋಟೆಯ ಸುತ್ತ ಏರು ದಾರಿ ಸಿಗುತ್ತದೆ. ನಮ್ಮ ಕಡೆ ನೆಲ ಸಪಾಟು. ಆದರೆ ಕೆರೆ ಏರಿಗೆ ಹತ್ತುವ ದಾರಿಯೋ, ಸೇತುವೆಗೆ ಏರುವ ಮಣ್ಣಿನ ಪಕ್ಕದಾರಿಯೋ ಎಲ್ಲಾದರೂ ಇದ್ದೇ ಇರುತ್ತದೆ. ಬಹಳ ಕಡಿದು ಬೇಡ. ನಡೆದು ಹತ್ತುವಾಗ ಏರು ಅಂತ ಗೊತ್ತಾಗಬೇಕು, ಏದುಸಿರು ಬರಬಾರದು. ಅಂಥ ಕಡೆ 15 ಮೀಟರ್ ಸಾಕು.

ಏರು ಸಿಗದಿದ್ದರೆ ಹಳೆಯ ಟೈರು. ಸೊಂಟಕ್ಕೆ ಅಗಲ ಬೆಲ್ಟ್, ಅದಕ್ಕೆ 3 ಮೀಟರ್ ಹಗ್ಗ, ತುದಿಗೆ ಟೈರು. ಎಷ್ಟು ಕೆ.ಜಿ. ಅಂತ ಕೇಳಬೇಡ. ಮುರುಮ್ ನೆಲದಲ್ಲಿ, ಹುಲ್ಲಿನಲ್ಲಿ ಎಳೆತ ಬೇರೆ ಬೇರೆ. ಟೈರು ಇಲ್ಲದೆ 10 ಮೀಟರ್‌ಗೆ 2 ಸೆಕೆಂಡ್ ಬೇಕಾದರೆ, ಟೈರಿನ ಜೊತೆ 2.2ರಿಂದ 2.3 ಆಗುವಷ್ಟು ಭಾರ ಇರಲಿ. ಅದಕ್ಕಿಂತ ಭಾರ ಎಳೆಯುವ ಪದ್ಧತಿಯೂ ಇದೆ. ಆದರೆ ಹೋದ ವರ್ಷ ಹ್ಯಾಮ್‌ಸ್ಟ್ರಿಂಗ್ ಹಿಡಿದವನಿಗೆ 6 ವಾರದ ಅವಸರದಲ್ಲಿ ನಾನು ಅದನ್ನು ಹೇಳುವುದಿಲ್ಲ.

ವೇಗದ ದಿನ ಹೀಗಿರಲಿ. ಚೆನ್ನಾಗಿ 15 ನಿಮಿಷ ಮೈ ಬಿಸಿ ಮಾಡಿಕೋ. ಆಮೇಲೆ ಏರಿನಲ್ಲೋ ಟೈರಿನ ಜೊತೆಗೋ 10 ಮೀಟರ್ 4 ಸಲ. ನಂತರ ಸಪಾಟು ನೆಲದಲ್ಲಿ 15 ಮೀಟರ್ 4 ಸಲ, ಆದರೆ ಪ್ರತಿ ಸಲ ಬೇರೆ ಆರಂಭ: ಒಮ್ಮೆ ನಿಂತು ಮುಂದಕ್ಕೆ ವಾಲಿ ಬೀಳುವ ಹಂತಕ್ಕೆ ಬಂದಾಗ, ಒಮ್ಮೆ ಅಡ್ಡ ನಿಂತು, ಒಮ್ಮೆ ಮೆಲ್ಲಗೆ ಜಾಗ್ ಮಾಡುತ್ತಾ, ಒಮ್ಮೆ ಹಿಂದಕ್ಕೆ ಹೆಜ್ಜೆ ಇಡುತ್ತಾ. ಮ್ಯಾಚಿನಲ್ಲಿ ನೀನು ಗೆರೆ ಮೇಲೆ ನಿಂತು ಶಿಳ್ಳೆಗೆ ಓಡುವುದಿಲ್ಲ, ಅಲ್ವಾ? ಕೊನೆಗೆ 25 ಮೀಟರ್ 3 ಸಲ. ಒಟ್ಟು ಕೂಡಿಸಿದರೆ 175 ಮೀಟರ್. "ಇಷ್ಟೇನಾ?" ಅನಿಸುತ್ತದೆ. ಇಷ್ಟೇ.

ಇಲ್ಲಿ ವಿಶ್ರಾಂತಿಯೂ ಕೆಲಸದ ಒಂದು ಭಾಗ. ಪ್ರತಿ 10 ಮೀಟರ್‌ಗೆ ಸುಮಾರು 1 ನಿಮಿಷದ ಲೆಕ್ಕ. 25 ಮೀಟರ್ ಓಡಿದರೆ ಎರಡೂವರೆ ನಿಮಿಷ ಸುಮ್ನೆ ನಡೆದಾಡು. ನಮ್ಮ ಮೈದಾನಗಳಲ್ಲಿ ಇದನ್ನು ಒಪ್ಪಿಸುವುದೇ ಕಷ್ಟ. ಹುಡುಗ ನಿಂತಿದ್ದರೆ ಸೋಮಾರಿ ಅಂತಾರೆ. ಆದರೆ ದಣಿವು ಆರುವ ಮೊದಲೇ ಮತ್ತೆ ಓಡಿದರೆ ಅದು ವೇಗದ ಅಭ್ಯಾಸ ಆಗುವುದಿಲ್ಲ, ದಣಿವಿನ ಅಭ್ಯಾಸ ಆಗುತ್ತದೆ. ಕಾಲು ನಿಧಾನದ ಹೆಜ್ಜೆಯನ್ನೇ ಕಲಿಯುತ್ತದೆ. ಎರಡು ಓಟ ಸತತವಾಗಿ ಭಾರ ಅನಿಸಿದರೆ, ಪಾದದ ಸದ್ದು ಜೋರಾದರೆ, ಉಳಿದದ್ದನ್ನು ಬಿಟ್ಟು ಮನೆಗೆ ಹೋಗು.

ತಿರುಗುವ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ಮುಖ್ಯವಾದದ್ದು ಒಂದೇ: ನಿಲ್ಲಲು ಬಾರದವನಿಗೆ ತಿರುಗಲು ಬರುವುದಿಲ್ಲ. ಗೆರೆಯ ಕಡೆ ಓಡುತ್ತಿದ್ದವನು ಒಳಗೆ ತಿರುಗಬೇಕಾದರೆ, ತಿರುಗುವ ಹೆಜ್ಜೆಗಿಂತ ಹಿಂದಿನ ಹೆಜ್ಜೆಯಲ್ಲೇ ಬ್ರೇಕ್ ಬಿದ್ದಿರಬೇಕು. ಆ ಹೆಜ್ಜೆಯಲ್ಲಿ ಸೊಂಟ ತಗ್ಗಬೇಕು, ಮೊಣಕಾಲು ಮಡಚಬೇಕು. ಎಲ್ಲ ಬ್ರೇಕನ್ನೂ ಕೊನೆಯ ಒಂದೇ ಕಾಲಿಗೆ ಬಿಟ್ಟರೆ ಮೊಣಕಾಲು ಒಳಕ್ಕೆ ಕುಸಿಯುತ್ತದೆ. ಮೊಣಕಾಲಿನ ಲಿಗಮೆಂಟ್ ಹರಿಯುವುದು ಹೆಚ್ಚಾಗಿ ಇಂಥ ಗಳಿಗೆಯಲ್ಲೇ. ಮೊದಲ ಎರಡು ವಾರ 8 ಮೀಟರ್ ಓಡಿ ಮೂರು ಹೆಜ್ಜೆಯಲ್ಲಿ ಸದ್ದಿಲ್ಲದೆ ನಿಲ್ಲುವುದನ್ನು ಕಲಿ, ಎರಡೂ ಕಾಲಿಗೆ ನಾಲ್ಕು ನಾಲ್ಕು ಸಲ. ಆಮೇಲೆ ಗೆಳೆಯನನ್ನು ಎದುರಿಗೆ ನಿಲ್ಲಿಸು. ನೀನು ಎರಡು ಮೀಟರ್ ಹತ್ತಿರ ಬಂದಾಗ ಅವನು ಒಂದು ಪಕ್ಕಕ್ಕೆ ವಾಲಲಿ, ನೀನು ಇನ್ನೊಂದು ಪಕ್ಕ ಹೊರಡು. ಕೋನ್ ಇಟ್ಟು ಮೊದಲೇ ಗೊತ್ತಿರುವ ದಾರಿಯಲ್ಲಿ ಎಷ್ಟು ಅಂಕುಡೊಂಕು ಓಡಿದರೂ ಎದುರಾಳಿಯ ಸೊಂಟ ಓದುವ ಕಣ್ಣು ಬರುವುದಿಲ್ಲ. ಎರೆ ನೆಲ ಒಣಗಿ ಬಿರುಕು ಬಿಟ್ಟಿದ್ದರೆ ಅಲ್ಲಿ ಈ ಅಭ್ಯಾಸ ಬೇಡವೇ ಬೇಡ. ಬಿರುಕಿನಲ್ಲಿ ಸ್ಟಡ್ ಸಿಕ್ಕಿಕೊಂಡರೆ ಪಾದ ನಿಲ್ಲುತ್ತದೆ, ಮೊಣಕಾಲು ತಿರುಗುತ್ತದೆ.

ಇನ್ನು 60ನೇ ನಿಮಿಷ. "ಸ್ಟ್ಯಾಮಿನಾ ಇಲ್ಲ" ಅನ್ನುವ ಒಂದೇ ಮಾತಿನ ಕೆಳಗೆ ಎರಡು ಬೇರೆ ಸಂಗತಿ ಅಡಗಿವೆ.

ಸ್ನಾಯುವಿನಲ್ಲಿ ಕ್ರಿಯೇಟಿನ್ ಫಾಸ್ಫೇಟ್ ಅನ್ನುವ ದಿಢೀರ್ ಶಕ್ತಿ ಸ್ವಲ್ಪ ಇರುತ್ತದೆ. ಸ್ಪ್ರಿಂಟಿನ ಮೊದಲ ಕೆಲವು ಸೆಕೆಂಡಿನ ಶಕ್ತಿಯಲ್ಲಿ ದೊಡ್ಡ ಪಾಲು ಅದರದೇ. ಖಾಲಿಯಾದದ್ದು ಅರ್ಧ ತುಂಬಲು ಸುಮಾರು ಅರ್ಧ ನಿಮಿಷ ಬೇಕು, ಹೆಚ್ಚು ಕಡಿಮೆ ಪೂರ್ತಿ ತುಂಬಲು 3ರಿಂದ 5 ನಿಮಿಷ. ತುಂಬುವ ಕೆಲಸಕ್ಕೆ ಆಮ್ಲಜನಕ ಬೇಕು. ಅದಕ್ಕೇ ಉಸಿರಿನ ದಮ್ ಚೆನ್ನಾಗಿದ್ದವನು ಎರಡು ಸ್ಪ್ರಿಂಟಿನ ನಡುವೆ ಬೇಗ ಚೇತರಿಸಿಕೊಳ್ಳುತ್ತಾನೆ. ನೀನು ಮುಂದೆ ದಾಳಿಗೆ ಓಡಿ, ಚೆಂಡು ಕಳೆದು, ತಕ್ಷಣ ಹಿಂದಕ್ಕೆ ರಕ್ಷಣೆಗೆ ಓಡಿ, ಮತ್ತೆ ಚೆಂಡು ಸಿಕ್ಕಾಗ ಕಾಲು ಏಳದಿದ್ದರೆ, ಅದು ಈ ಲೆಕ್ಕ. ಮ್ಯಾಚಿನ 10ನೇ ನಿಮಿಷದಲ್ಲೂ ಹೀಗಾಗಬಹುದು, ಎರಡು ನಿಮಿಷ ಬಿಟ್ಟರೆ ಸರಿಯಾಗುತ್ತದೆ.

60 ನಿಮಿಷ ಆದಮೇಲೆ ಎಷ್ಟು ಹೊತ್ತು ನಿಂತರೂ ಕಾಲು ಹಗುರ ಆಗುವುದಿಲ್ಲ ಅಂದರೆ ಅದು ಬೇರೆ. ಅಲ್ಲಿ ಸ್ನಾಯುವಿನೊಳಗಿನ ಸಕ್ಕರೆ ದಾಸ್ತಾನು ಇಳಿದಿರುತ್ತದೆ, ಮೈಯಲ್ಲಿ ನೀರು ಕಡಿಮೆಯಾಗಿರುತ್ತದೆ, ಮೈ ಕಾದಿರುತ್ತದೆ. ಇದಕ್ಕೆ ಸ್ಪ್ರಿಂಟ್ ಅಭ್ಯಾಸಕ್ಕಿಂತ ಊಟವೇ ಮೊದಲ ಮದ್ದು. ಬೆಳಗಿನ ಮ್ಯಾಚಿಗೆ ಬರೀ ಚಹಾ, ಬಿಸ್ಕತ್ ತಿಂದು ಬರುವ ಹುಡುಗರನ್ನು ನಾನು ಪ್ರತಿ ಟೂರ್ನಮೆಂಟಿನಲ್ಲೂ ನೋಡುತ್ತೇನೆ. ಹಿಂದಿನ ರಾತ್ರಿ ಅನ್ನ, ರೊಟ್ಟಿ ಹೊಟ್ಟೆ ತುಂಬ ಇರಲಿ. ಮ್ಯಾಚಿಗೆ 3 ಗಂಟೆ ಮೊದಲು ಅನ್ನ, ತೆಳ್ಳಗಿನ ತೊಗರಿಬೇಳೆ ಸಾರು ಅಥವಾ ಉಪ್ಪಿಟ್ಟು. ಶೇಂಗಾ ಹಿಂಡಿ, ಎಣ್ಣೆಗಾಯಿ ಮ್ಯಾಚ್ ಮುಗಿದ ಮೇಲೆ ತಿನ್ನು, ಎಣ್ಣೆ ಹೊಟ್ಟೆಯಲ್ಲಿ ತುಂಬಾ ಹೊತ್ತು ಕೂರುತ್ತದೆ. ವಿರಾಮದಲ್ಲಿ ಒಂದು ಬಾಳೆಹಣ್ಣು, ಉಪ್ಪು ಸಕ್ಕರೆ ಹಾಕಿದ ನೀರು.

ನಿನಗೆ ಇವೆರಡರಲ್ಲಿ ಯಾವುದು ಜಾಸ್ತಿ ಅಂತ ಅಳೆದೇ ನೋಡಬೇಕು. ಎರಡು ವರ್ಷದ ಹಿಂದೆ ಬೀದರ್ ಕಡೆಯ ಒಬ್ಬ ಎಡ ವಿಂಗರ್ ನನ್ನ ಹತ್ತಿರ ಬಂದಿದ್ದ. ದೂರು ಹೆಚ್ಚು ಕಡಿಮೆ ನಿನ್ನದೇ. ಅವನ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ.

ಮೊದಲ ದಿನ ಬರೀ 10 ಮೀಟರ್, 30 ಮೀಟರ್ ಅಳೆದೆವು. ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್‌ನಲ್ಲಿ 0.1ರಿಂದ 0.2 ಸೆಕೆಂಡ್ ಸುಲಭವಾಗಿ ತಪ್ಪುತ್ತದೆ. 10 ಮೀಟರ್ ಲೆಕ್ಕಕ್ಕೆ ಅದು ಬಹಳ ಆಯಿತು. ಹಾಗಾಗಿ ಫೋನ್ ಬಳಸಿದೆವು. ಒಬ್ಬ ಮುಗಿಯುವ ಗೆರೆಯ ನೇರಕ್ಕೆ ಪಕ್ಕದಲ್ಲಿ ನಿಂತು, ಓಡುವವನ ಪಾದ ಎದ್ದ ಕ್ಷಣದಿಂದ ಎದೆ ಗೆರೆ ದಾಟುವವರೆಗೆ ಫೋನ್ ತಿರುಗಿಸುತ್ತಾ ಸ್ಲೋ ಮೋಷನ್‌ನಲ್ಲಿ ತೆಗೆದ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಫೋನ್ ಆದರೆ ಫ್ರೇಮ್ ಎಣಿಸಿ 240ರಿಂದ ಭಾಗಿಸಿದರೆ ಸಮಯ ಸಿಗುತ್ತದೆ. ಅವನದು 10 ಮೀಟರ್‌ಗೆ 485 ಫ್ರೇಮ್, ಅಂದರೆ 2.02 ಸೆಕೆಂಡ್. 30 ಮೀಟರ್‌ಗೆ 4.42. ಕಳೆದರೆ ಕೊನೆಯ 20 ಮೀಟರ್‌ಗೆ 2.40. ಕೊನೆಯ ಭಾಗ ಚೆನ್ನಾಗಿತ್ತು, ಮೊದಲ ಭಾಗ ಸೋರುತ್ತಿತ್ತು.

ಎರಡು ದಿನ ಬಿಟ್ಟು ಎರಡನೇ ಪರೀಕ್ಷೆ. 30 ಮೀಟರ್ 6 ಸಲ, ಪ್ರತಿ 30 ಸೆಕೆಂಡಿಗೆ ಒಂದು ಓಟ. ಓಡಿ, ತಿರುಗಿ ನಡೆದು ಬಂದು, ಮತ್ತೆ ಹೊರಡುವುದು. ಇಲ್ಲಿ ವ್ಯತ್ಯಾಸ ದೊಡ್ಡದಿರುವುದರಿಂದ ಒಬ್ಬನೇ ಗೆಳೆಯ ಸ್ಟಾಪ್‌ವಾಚ್ ಹಿಡಿದರೂ ನಡೆಯುತ್ತದೆ. ಅವನ ಸಮಯಗಳು 4.42, 4.48, 4.60, 4.74, 4.86, 4.93. ಒಟ್ಟು 28.03 ಸೆಕೆಂಡ್. ಆರೂ ಓಟ ಅವನ ಅತ್ಯುತ್ತಮ ವೇಗದಲ್ಲೇ ಆಗಿದ್ದರೆ 4.42ರ ಆರು ಪಟ್ಟು, 26.52 ಆಗಬೇಕಿತ್ತು. 28.03 ಅನ್ನು 26.52ರಿಂದ ಭಾಗಿಸಿದರೆ 1.057. ಅಂದರೆ ಸುಮಾರು ಶೇ. 5.7 ಕುಸಿತ.

ಈ ಶೇಕಡಾದಲ್ಲಿ ಒಂದು ಮೋಸ ಇದೆ, ಎಚ್ಚರ. ಮೊದಲ ಓಟವನ್ನು ಬೇಕೆಂದೇ ನಿಧಾನ ಓಡಿದರೆ ಕುಸಿತ ಕಡಿಮೆ ಕಾಣುತ್ತದೆ. ಆರು ಓಟ ಇದೆ ಅಂತ ಗೊತ್ತಿದ್ದರೆ ಕಾಲು ತಾನಾಗಿಯೇ ಶಕ್ತಿ ಉಳಿಸಿಕೊಳ್ಳುತ್ತದೆ. ಅದಕ್ಕೇ ಮೊದಲ ಓಟ, ಬಿಡಿಯಾಗಿ ಅಳೆದ 30 ಮೀಟರ್‌ನ ಹತ್ತಿರ ಇರಬೇಕು. ಇಲ್ಲದಿದ್ದರೆ ಅವತ್ತಿನ ಪರೀಕ್ಷೆ ಬಿಟ್ಟು ಬೇರೆ ದಿನ ಮಾಡು. ನೋಡಬೇಕಾದ್ದು ಒಟ್ಟು ಸಮಯ ಮತ್ತು ಅತ್ಯುತ್ತಮ ಓಟ, ಎರಡೂ. ಶೇಕಡಾ ಆಮೇಲೆ.

ಈ ಕುಸಿತ ಕಡಿಮೆ ಮಾಡಲು ನನಗೆ ಗೊತ್ತಿರುವ ದಾರಿ ಮೂರು.

ಮೊದಲನೆಯದು 4 ನಿಮಿಷದ ಓಟ. 4 ನಿಮಿಷ ಜೋರಾಗಿ, ಒಂದೆರಡು ಮಾತು ಮಾತ್ರ ಆಡಲು ಆಗುವಷ್ಟು ಏದುಸಿರಿನಲ್ಲಿ. ಆಮೇಲೆ 3 ನಿಮಿಷ ಮೆಲ್ಲಗೆ ಜಾಗ್. ಹೀಗೆ ನಾಲ್ಕು ಸಲ. ನಿನ್ನ 6 ಕಿ.ಮೀ. ಜಾಗಿಂಗ್‌ಗಿಂತ ಕಡಿಮೆ ಹೊತ್ತಿನಲ್ಲಿ ದಮ್ ಹೆಚ್ಚು ಬೆಳೆಯುತ್ತದೆ. ಪೂರ್ತಿ ಸ್ಪ್ರಿಂಟ್ ಇಲ್ಲದ್ದರಿಂದ ಹ್ಯಾಮ್‌ಸ್ಟ್ರಿಂಗ್‌ಗೆ ಅಪಾಯವೂ ಕಡಿಮೆ. ಇದರ ಕೊರತೆ ಒಂದೇ, ಬೇಸರ ಬರುತ್ತದೆ.

ಎರಡನೆಯದು ಚಿಕ್ಕ ಮೈದಾನದಲ್ಲಿ ಮೂವರ ಎದುರು ಮೂವರು, ಅಥವಾ ನಾಲ್ವರ ಎದುರು ನಾಲ್ವರು ಆಡುವುದು. 4 ನಿಮಿಷ ಆಟ, 2 ನಿಮಿಷ ವಿಶ್ರಾಂತಿ. ಚೆಂಡು, ತಿರುಗುವಿಕೆ, ಬ್ರೇಕ್ ಎಲ್ಲ ಒಟ್ಟಿಗೆ ಬರುತ್ತದೆ. ಆದರೆ ಚೆಂಡು ಹೊರಗೆ ಹೋದಾಗ ಎಲ್ಲರೂ ನಿಂತುಬಿಟ್ಟರೆ ಪ್ರಯೋಜನ ಇಲ್ಲ. ಪಕ್ಕದಲ್ಲಿ ನಾಲ್ಕೈದು ಚೆಂಡು ಇಟ್ಟುಕೊಳ್ಳಿ. ಇನ್ನೊಂದು, ಚಿಕ್ಕ ಮೈದಾನದಲ್ಲಿ ಪೂರ್ತಿ ವೇಗ ಬರುವುದೇ ಇಲ್ಲ. ಇದನ್ನೇ ನಂಬಿದ ವಿಂಗರ್‌ನ ಕಾಲಿಗೆ ಮ್ಯಾಚಿನಲ್ಲಿ ಉದ್ದ ಓಟ ಬಂದಾಗ ಅಭ್ಯಾಸವೇ ಇರುವುದಿಲ್ಲ.

ಮೂರನೆಯದು ಸ್ಪ್ರಿಂಟಿನ ಮೇಲೆ ಸ್ಪ್ರಿಂಟ್. 20 ಮೀಟರ್ 6 ಸಲ, ನಡುವೆ 20 ಸೆಕೆಂಡ್, ಹೀಗೆ ಎರಡು ಸುತ್ತು, ಸುತ್ತುಗಳ ನಡುವೆ 4 ನಿಮಿಷ. ಮ್ಯಾಚಿಗೆ ಅತಿ ಹತ್ತಿರದ್ದು ಇದೇ, ಹ್ಯಾಮ್‌ಸ್ಟ್ರಿಂಗ್‌ಗೆ ಅತಿ ಅಪಾಯದ್ದೂ ಇದೇ. ದಣಿದ ಕಾಲು ಪೂರ್ತಿ ವೇಗದಲ್ಲಿ ಮುಂದೆ ಬೀಸಿ ಬರುವಾಗ ತೊಡೆಯ ಹಿಂಭಾಗ ಹರಿಯುತ್ತದೆ. ಒಮ್ಮೆ ಹಿಡಿದವನಿಗೆ ಮತ್ತೆ ಹಿಡಿಯುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಹಾಗಾಗಿ ನೀನು ಮೊದಲ 3 ವಾರ ಇದನ್ನು ಮುಟ್ಟಬೇಡ. 4 ಮತ್ತು 5ನೇ ವಾರ, ವಾರಕ್ಕೆ ಒಂದೇ ಸಲ.

ಮ್ಯಾಚ್ ಭಾನುವಾರ ಅಂತ ಇಟ್ಟುಕೊಂಡರೆ ನಿನ್ನ ವಾರ ಹೀಗೆ. ಮಂಗಳವಾರ ವೇಗದ ದಿನ, ಮೇಲೆ ಹೇಳಿದ 175 ಮೀಟರ್. ಬುಧವಾರ 4 ನಿಮಿಷದ ಓಟ, ಅದರ ಕೊನೆಗೆ ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ಅನ್ನುವ ವ್ಯಾಯಾಮ. ಗುರುವಾರ ಟೀಮ್ ಜೊತೆ ಚಿಕ್ಕ ಮೈದಾನದ ಆಟ, ಅದಕ್ಕೂ ಮೊದಲು ಮೈ ಹಗುರ ಇರುವಾಗ ನಿಲ್ಲುವ, ತಿರುಗುವ ಅಭ್ಯಾಸ. ಶುಕ್ರವಾರ ಪೂರ್ತಿ ರಜೆ. ಶನಿವಾರ 20 ನಿಮಿಷ ಹಗುರ ಚಲನೆ, 10 ಮೀಟರ್ ಎರಡು ಮೂರು ಸಲ. ಸೋಮವಾರ ಬೇಕಾದರೆ ನಿನ್ನ ಇಷ್ಟದ ಜಾಗಿಂಗ್, 20 ನಿಮಿಷ, ಮೆಲ್ಲಗೆ. 4 ಮತ್ತು 5ನೇ ವಾರ ಬುಧವಾರದ ಓಟ ತೆಗೆದು ಅಲ್ಲಿ ಸ್ಪ್ರಿಂಟಿನ ಸುತ್ತು ಹಾಕು. ಆ ಎರಡು ವಾರ ವೇಗದ ದಿನವನ್ನು ಸೋಮವಾರಕ್ಕೆ ತಂದುಕೋ, ಮಂಗಳವಾರ ರಜೆ. ಎರಡು ಸ್ಪ್ರಿಂಟ್ ದಿನ ಒಂದರ ಹಿಂದೆ ಒಂದು ಬರಬಾರದು. ಭಾನುವಾರ 90 ನಿಮಿಷ ಆಡಿದ್ದರೆ ಸೋಮವಾರ ವೇಗ ಬೇಡ, ಆ ವಾರ ವೇಗದ ದಿನವನ್ನೇ ಬಿಡು.

ನಾರ್ಡಿಕ್ ಅಂದರೆ ಮಂಡಿಯೂರಿ ನಿಂತು, ಗೆಳೆಯ ಹಿಮ್ಮಡಿ ಹಿಡಿದಿರುವಾಗ, ಮೈಯನ್ನು ನೆಟ್ಟಗೆ ಇಟ್ಟು ನಿಧಾನವಾಗಿ ಮುಂದಕ್ಕೆ ಬೀಳುವುದು. ಎಷ್ಟು ಆಗುತ್ತದೋ ಅಷ್ಟು ತೊಡೆಯ ಹಿಂಭಾಗದಿಂದ ತಡೆದು, ಕೊನೆಗೆ ಕೈ ಊರುವುದು. ಇದನ್ನು ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ಮೊದಲ ವಾರ 5 ಸಲದ 2 ಸುತ್ತು ಸಾಕು. ಮರುದಿನ ತೊಡೆ ನೋಯುತ್ತದೆ, ಗಾಬರಿ ಬೇಡ. ಆ ನೋವು ಇರುವಾಗ ಪೂರ್ತಿ ಸ್ಪ್ರಿಂಟ್ ಮಾತ್ರ ಬೇಡ. ಆದರೆ ಓಡುವಾಗ ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ಆದರೆ, ಬೆರಳಿಟ್ಟು ತೋರಿಸುವಂಥ ನೋವಾದರೆ, ಅವತ್ತೇ ನಿಲ್ಲಿಸಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗು. "ಸ್ವಲ್ಪ ಓಡಿದರೆ ಬಿಡುತ್ತದೆ" ಅಂದುಕೊಂಡು ಹಿಂದೆ ನಾನೇ ಒಬ್ಬ ಹುಡುಗನನ್ನು ಓಡಿಸಿದ್ದೆ. ಎರಡು ವಾರದಲ್ಲಿ ಮುಗಿಯುವುದು ಎರಡು ತಿಂಗಳಾಯಿತು. ಅದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಬೀದರಿನ ಹುಡುಗ 6 ವಾರದ ನಂತರ 10 ಮೀಟರ್ ಅನ್ನು 1.93ಕ್ಕೆ ಓಡಿದ, 30 ಮೀಟರ್ ಅನ್ನು 4.31ಕ್ಕೆ. ಕಳೆದು ನೋಡು: ಕೊನೆಯ 20 ಮೀಟರ್ 2.38, ಮೊದಲಿಗಿಂತ ಬರೀ 0.02 ಕಡಿಮೆ. ಗಳಿಕೆ ಹೆಚ್ಚೂ ಕಡಿಮೆ ಪೂರ್ತಿ ಮೊದಲ 10 ಮೀಟರ್‌ನಲ್ಲೇ ಬಂತು. 0.09 ಸೆಕೆಂಡ್ ಅಂದರೆ ಅಷ್ಟೇನಾ ಅನ್ನಬೇಡ. ಆ ವೇಗದಲ್ಲಿ ಅದು ಅರ್ಧ ಮೀಟರ್‌ಗಿಂತ ಹೆಚ್ಚು. ಫುಲ್‌ಬ್ಯಾಕ್‌ನ ಭುಜ ನಿನ್ನ ಭುಜದ ಮುಂದೆ ಇರುತ್ತದೋ ಹಿಂದೆ ಇರುತ್ತದೋ ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಆರು ಓಟದ ಒಟ್ಟು ಸಮಯ 28.03ರಿಂದ 26.73ಕ್ಕೆ ಬಂತು, ಕುಸಿತ ಶೇ. 3.4. ಎಲ್ಲರಿಗೂ ಇಷ್ಟೇ ಬರುತ್ತದೆ ಅಂತ ನಾನು ಮಾತು ಕೊಡಲಾರೆ. ಅವನ ತಂತ್ರದಲ್ಲಿ ತಪ್ಪು ದೊಡ್ಡದಿತ್ತು, ಹಾಗಾಗಿ ಬೇಗ ತಿದ್ದಿತು. ನಿನ್ನ ವಿಡಿಯೊದಲ್ಲಿ ತಂತ್ರ ಸರಿ ಇದ್ದು ಬಲದ ಕೊರತೆ ಇದ್ದರೆ, ಒಂದು ಕಾಲಿನ ಸ್ಕ್ವಾಟ್, ಹಿಮ್ಮಡಿ ಎತ್ತುವ ವ್ಯಾಯಾಮ ವಾರಕ್ಕೆ ಎರಡು ಸಲ ಸೇರಿಸಬೇಕು. ಅದರ ಫಲ ಕಾಣಲು 6 ವಾರಕ್ಕಿಂತ ಜಾಸ್ತಿ ಬೇಕು.

ಕೋಚ್ ಸರ್ ಜೊತೆ ವಾದಕ್ಕೆ ಇಳಿಯಬೇಡ. ಅವರು ನೋಡಿದ್ದು ನಿಜ, 60ನೇ ನಿಮಿಷಕ್ಕೆ ನೀನು ನಿಲ್ಲುತ್ತಿದ್ದೀಯ. ಆರು ಓಟದ ಪರೀಕ್ಷೆಯನ್ನು ಅವರ ಎದುರಿಗೇ ಮಾಡು, ಸ್ಟಾಪ್‌ವಾಚ್ ಅವರ ಕೈಗೇ ಕೊಡು. "ಸರ್, 10 ಕಿ.ಮೀ. ಬದಲು 3 ವಾರ ಈ 4 ನಿಮಿಷದ ಓಟ ಮಾಡಿ, ನಿಮ್ಮ ಮುಂದೆಯೇ ಮತ್ತೆ ಅಳೆಯಲಾ?" ಅಂತ ಕೇಳು. ಹೀಗೆ ಕೇಳಿದಾಗ ಬೇಡ ಅಂದ ಕೋಚ್‌ಗಳನ್ನು ನಾನು ನೋಡಿದ್ದು ಕಡಿಮೆ.

ಕೊನೆಯದಾಗಿ ಬಿಸಿಲು. ಏಪ್ರಿಲ್‌ನಲ್ಲಿ ಕಲಬುರಗಿ 40 ಡಿಗ್ರಿ ದಾಟುತ್ತದೆ. ವೇಗದ ಅಭ್ಯಾಸ ಬೆಳಿಗ್ಗೆ 8ರೊಳಗೆ ಮುಗಿಸು. ಆದರೆ ಟೂರ್ನಮೆಂಟಿನ ಮ್ಯಾಚ್ ಮಧ್ಯಾಹ್ನ 4ಕ್ಕೆ ಇದ್ದರೆ ಮೈಗೆ ಆ ಬಿಸಿ ಗೊತ್ತಿರಬೇಕು. ಅದಕ್ಕೆ 10ರಿಂದ 14 ದಿನ ಬೇಕು. 5ನೇ ವಾರದಿಂದ ಹಗುರ ಅಭ್ಯಾಸಗಳನ್ನು ಮಾತ್ರ ಸಂಜೆ ನಾಲ್ಕೂವರೆಗೆ ಶುರು ಮಾಡು, ಮೊದಲ ದಿನ 20 ನಿಮಿಷ, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸು. ಮೂತ್ರ ಗಾಢ ಹಳದಿ ಇದ್ದ ದಿನ ಮೊದಲು ನೀರು, ಮಜ್ಜಿಗೆ, ಆಮೇಲೆ ಮೈದಾನ. ಆಡುವಾಗ ಯಾರಿಗಾದರೂ ತಲೆ ತಿರುಗಿದರೆ, ಮಾತು ತೊದಲಿದರೆ, ತಪ್ಪು ದಿಕ್ಕಿಗೆ ಓಡತೊಡಗಿದರೆ, ಅದು ಸುಸ್ತಲ್ಲ. ಕೂಡಲೇ ನೆರಳಿಗೆ ತಂದು, ಮೈಮೇಲೆ ಧಾರಾಳವಾಗಿ ನೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಿ.

6ನೇ ವಾರ ಹೊಸದು ಏನೂ ಬೇಡ. ಮಂಗಳವಾರ 10 ಮೀಟರ್ 3 ಸಲ, 15 ಮೀಟರ್ 2 ಸಲ, 25 ಮೀಟರ್ 1 ಸಲ, ಪೂರ್ತಿ ವೇಗದಲ್ಲಿ, ಪೂರ್ತಿ ವಿಶ್ರಾಂತಿಯಲ್ಲಿ. ನಾರ್ಡಿಕ್ ಒಂದೇ ಸುತ್ತು, ಅದೂ ಮೊದಲ ಮ್ಯಾಚಿಗೆ 4 ದಿನ ಮುಂಚೆ. ಹೊಸ ಬೂಟು ಕೊಳ್ಳುವುದಿದ್ದರೆ ಈಗಲೇ ಕೊಂಡು ಹಾಕಿಕೊಂಡು ಓಡು, ಆ ವಾರಕ್ಕೆ ಇಟ್ಟುಕೊಳ್ಳಬೇಡ. ಮೊದಲ ದಿನದ ಫೋನ್ ವಿಡಿಯೊ ಅಳಿಸಬೇಡ, ಮೂರನೇ ವಾರದ ವಿಡಿಯೊ ಪಕ್ಕದಲ್ಲಿ ಇಟ್ಟು ಮೊದಲ ಮೂರು ಹೆಜ್ಜೆಯನ್ನು ಹೋಲಿಸಿ ನೋಡು. ಎರಡನ್ನೂ ನನಗೆ ಕಳಿಸಿದರೆ, ಉಳಿದ ಮೂರು ವಾರಕ್ಕೆ ಏರು ಬೇಕೋ ಟೈರು ಬೇಕೋ ಅಂತ ನೋಡಿ ಹೇಳುತ್ತೇನೆ.